ಐದರಿಂದಲೇ ಏಕೆ?

ಒಂದು ಹಾಳೆಯ ಮೇಲೆ ಎರಡು ಸಾಲು ಬರೆಯಿರಿ. ಮೇಲಿನದು ಎರಡರ ಘಾತಗಳ ಸಾಲು: 2, 4, 8, 16, 32, 64. ಪ್ರತಿಯೊಂದೂ ತನ್ನ ಹಿಂದಿನದರ ಇಮ್ಮಡಿ. ಕೆಳಗಿನದು ವರ್ಗಗಳ ಸಾಲು: 1, 4, 9, 16, 25, 36. ಈಗ ಮೇಲೆ ಕೆಳಗೆ ಹೋಲಿಸುತ್ತ ಬನ್ನಿ. ಒಂದನೆಯ ಜಾಗದಲ್ಲಿ ಎರಡರ ಘಾತ ದೊಡ್ಡದು. ಎರಡನೆಯದರಲ್ಲಿ ಸರಿಸಮ. ಮೂರನೆಯದರಲ್ಲಿ 8ರ ಎದುರು 9 ನಿಂತು ವರ್ಗವೇ ಗೆಲ್ಲುತ್ತದೆ. ನಾಲ್ಕರಲ್ಲಿ ಮತ್ತೆ ಸಮ. ಐದರಲ್ಲಿ 32 ಬಂದು 25ನ್ನು ದಾಟುತ್ತದೆ, ಆರರಲ್ಲಿ 64 ಬಂದು 36ನ್ನು ಬಹಳ ಹಿಂದೆ ಬಿಡುತ್ತದೆ. ಹತ್ತಕ್ಕೆ ಹೋದರೆ ಒಂದು ಕಡೆ 1024, ಇನ್ನೊಂದು ಕಡೆ ಬರೀ 100.

ಇಷ್ಟು ನೋಡಿದ ಯಾರಿಗಾದರೂ ಅನ್ನಿಸುವುದು ಇದು: 5ರಿಂದ ಆಚೆಗೆ ಎರಡರ ಘಾತವೇ ಸದಾ ದೊಡ್ಡದು, ಅಂದರೆ 2ⁿ > n². ಅನ್ನಿಸಿದ್ದು ಸರಿಯೇ. ಆದರೆ ಕೆಲವು ಸಂಖ್ಯೆಗಳನ್ನು ಪರೀಕ್ಷಿಸಿ ಹಾಗೆ ತೀರ್ಮಾನಿಸುವುದು ಎಷ್ಟು ಅಪಾಯದ ಕೆಲಸ ಎಂಬುದಕ್ಕೆ ಇದರ ನೆಂಟನೊಬ್ಬನನ್ನು ನೋಡಬೇಕು. ವರ್ಗದ ಬದಲು ಹತ್ತನೆಯ ಘಾತವನ್ನು ಎದುರು ನಿಲ್ಲಿಸಿ, 2ⁿ ಮತ್ತು n¹⁰ ಹೋಲಿಸಿ. n ಎರಡಾದಾಗ 4ರ ಎದುರು 1024. ಮೂರಾದಾಗ 8ರ ಎದುರು 59,049. ಹೀಗೆಯೇ ಹತ್ತು, ಇಪ್ಪತ್ತು, ಐವತ್ತರವರೆಗೆ ಹೋದರೂ ಎರಡರ ಘಾತ ಸೋಲುತ್ತಲೇ ಇರುತ್ತದೆ. 2ರಿಂದ 58ರವರೆಗಿನ ಎಲ್ಲ ಸಂಖ್ಯೆಗಳನ್ನು ಶ್ರಮಪಟ್ಟು ಪರೀಕ್ಷಿಸಿದವನು ‘ಇದು ಯಾವತ್ತೂ ಗೆಲ್ಲುವುದಿಲ್ಲ’ ಎಂದು ಪುಸ್ತಕ ಮುಚ್ಚಿದರೆ ಅವನನ್ನು ದೂರುವಂತಿಲ್ಲ. ಆದರೆ 59ರಲ್ಲಿ ಎರಡರ ಘಾತ ಮುಂದೆ ಹೋಗುತ್ತದೆ, ಆಮೇಲೆ ಹಿಂದಿರುಗಿ ನೋಡುವುದೇ ಇಲ್ಲ. ಐವತ್ತೇಳು ಸಾಕ್ಷಿಗಳು ಒಂದೇ ಮಾತು ಹೇಳಿದರೂ ತೀರ್ಪು ತಿರುವುಮುರುವಾಯಿತು.

ಹಾಗಾಗಿ ಎಣಿಸಿ ಮುಗಿಯದ ಸಂಖ್ಯೆಗಳ ಬಗ್ಗೆ ಮಾತಾಡಲು ಬೇರೆ ದಾರಿ ಬೇಕು. ಕಾಲೇಜಿನಲ್ಲಿ ‘ಇಂಡಕ್ಷನ್’ ಎಂದೇ ಎಲ್ಲರೂ ಕರೆಯುವ ಗಣಿತೀಯ ಅನುಗಮನ ಆ ದಾರಿ. ಫ್ರಾನ್ಸಿನ ಪಾಸ್ಕಲ್ ಅಂಕ ತ್ರಿಕೋನದ ಮೇಲೆ ಬರೆದ, 1665ರಲ್ಲಿ ಅಚ್ಚಾದ ಗ್ರಂಥದಲ್ಲಿ ಅದರ ಎರಡು ಭಾಗಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ಇಟ್ಟಿದ್ದಾನೆ. ಮಾತು ಮೊದಲ ಜಾಗದಲ್ಲಿ ನಿಜವೆಂದು ತೋರಿಸಬೇಕು. ಯಾವುದೇ ಒಂದು ಜಾಗದಲ್ಲಿ ನಿಜವಾದರೆ ಅದರ ಮುಂದಿನದರಲ್ಲೂ ನಿಜವಾಗಲೇಬೇಕೆಂದು ತೋರಿಸಬೇಕು. ಸಾಲು ಹಣತೆಗಳನ್ನು ಹತ್ತಿರ ಹತ್ತಿರ ಇಟ್ಟು, ಒಂದರ ಉರಿ ಮುಂದಿನದರ ಬತ್ತಿಗೆ ತಾಗುವಂತೆ ಮಾಡಿದ ಹಾಗೆ. ತಾಗುವಂತಿದ್ದರೆ ಸಾಲದು, ಮೊದಲನೆಯದನ್ನು ಯಾರಾದರೂ ಹೊತ್ತಿಸಿರಬೇಕು. ಹೊತ್ತಿಸಿದರೂ ಸಾಲದು, ನಡುವೆ ಎಲ್ಲೂ ಅಂತರ ಇರಬಾರದು.

ನಮ್ಮ ಅಸಮತೆಯ ಮೊದಲ ಭಾಗ ಒಂದೇ ಉಸಿರಿನ ಕೆಲಸ: n = 5 ಆದಾಗ 32 > 25. ಮುಗಿಯಿತು. ರಸವಿರುವುದು ಎರಡನೆಯದರಲ್ಲಿ. 5 ಅಥವಾ ಅದಕ್ಕಿಂತ ದೊಡ್ಡದಾದ ಯಾವುದೋ ಒಂದು ಸಂಖ್ಯೆ k. ಅದಕ್ಕೆ 2ᵏ > k² ನಿಜ ಎಂದು ಇಟ್ಟುಕೊಳ್ಳೋಣ. ಇಷ್ಟನ್ನೇ ಕೈಯಲ್ಲಿ ಹಿಡಿದು ಮುಂದಿನ ಸಂಖ್ಯೆಯಾದ k + 1ಕ್ಕೆ ಹೋಗಬೇಕು. ಎರಡರ ಘಾತ ಮುಂದಿನ ಹೆಜ್ಜೆಯಲ್ಲಿ ಇಮ್ಮಡಿಯಾಗುತ್ತದೆ. ಆದ್ದರಿಂದ

2ᵏ⁺¹ = 2 × 2ᵏ > 2k².

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮಗೆ ಸಿಕ್ಕಿದ್ದು 2k², ಬೇಕಾಗಿರುವುದು (k + 1)². ಇವೆರಡೂ ಒಂದೇ ಅಲ್ಲ. ಮೊದಲ n ಸಂಖ್ಯೆಗಳ ಮೊತ್ತದಂಥ ಸಮೀಕರಣಗಳನ್ನು ಸಾಧಿಸುವಾಗ ಈ ತೊಡಕು ಬರುವುದಿಲ್ಲ. ಬಿಡಿಸುತ್ತ ಹೋದರೆ ಬೇಕಾದ ರೂಪ ತಾನಾಗಿ ಎದುರು ಬಂದು ನಿಲ್ಲುತ್ತದೆ. ಅಸಮತೆಯಲ್ಲಿ ಹಾಗಲ್ಲ. ನಡುವೆ ಉಳಿಯುವ ಅಂತರಕ್ಕೆ ನಾವೇ ಸೇತುವೆ ಕಟ್ಟಬೇಕು. (k + 1)² ಎಂದರೆ k² + 2k + 1. ಹಾಗಾಗಿ 2k² ಇದಕ್ಕಿಂತ ದೊಡ್ಡದೋ ಎಂಬ ಪ್ರಶ್ನೆ, k² ಎಂಬುದು 2k + 1ಕ್ಕಿಂತ ದೊಡ್ಡದೋ ಎಂಬ ಪ್ರಶ್ನೆಗೆ ಇಳಿಯಿತು. k ಕನಿಷ್ಠ 5 ಇರುವುದರಿಂದ k² ಕನಿಷ್ಠ 5k ಇರುತ್ತದೆ. 5k ಎಂದರೆ 2k ಮತ್ತು 3k. ಆ 3k ಅಂತೂ 1ಕ್ಕಿಂತ ಎಷ್ಟೋ ದೊಡ್ಡದು. ಸೇತುವೆ ನಿಂತಿತು. 2ᵏ⁺¹ > 2k² > (k + 1)².

ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಬಹುತೇಕ ಇದೇ ಸೇತುವೆಯ ಮೇಲೆ. 2k² ಬರೆದವರು ಮುಂದಿನ ಸಾಲಿನಲ್ಲಿ ಏನೂ ಕಾರಣ ಕೊಡದೆ (k + 1)² ಬರೆದು ‘ಸಾಧಿಸಲಾಗಿದೆ’ ಎನ್ನುತ್ತಾರೆ. ಇನ್ನು ಕೆಲವರು 2ᵏ⁺¹ > (k + 1)² ಎಂದೇ ಶುರುಮಾಡಿ, ಅದನ್ನು ಬಿಡಿಸುತ್ತ ಕೊನೆಗೊಂದು ನಿಜಕ್ಕೆ ಬಂದು ಮುಟ್ಟುತ್ತಾರೆ. ಸಾಧಿಸಬೇಕಾದ್ದನ್ನೇ ನಂಬಿ ಹೊರಟು ನಿಜಕ್ಕೆ ಬಂದರೆ ಏನೂ ಸಾಧಿಸಿದಂತಲ್ಲ. 1 = −1 ಎಂದು ನಂಬಿ ಎರಡೂ ಕಡೆ ವರ್ಗ ಮಾಡಿದರೆ 1 = 1 ಎಂಬ ಅಪ್ಪಟ ನಿಜವೇ ಬರುತ್ತದೆ! ಕರಡು ಹಾಳೆಯಲ್ಲಿ ಹಿಮ್ಮುಖವಾಗಿ ಹುಡುಕುವುದರಲ್ಲಿ ತಪ್ಪಿಲ್ಲ, ಎಲ್ಲರೂ ಮಾಡುವುದು ಅದನ್ನೇ. ಬರೆದು ಕೊಡುವಾಗ ಮಾತ್ರ ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ನಡೆಯಬೇಕು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. k² > 2k + 1 ಎಂಬ ಸೇತುವೆ ನಿಲ್ಲಲು k ಐದೇ ಇರಬೇಕಿಲ್ಲ. ಮೂರು ಹಾಕಿ ನೋಡಿ: 9 > 7. ನಿಲ್ಲುತ್ತದೆ. ಎರಡು ಹಾಕಿದರೆ 4ರ ಎದುರು 5, ಬಿದ್ದುಹೋಗುತ್ತದೆ. ಅಂದರೆ ಹಣತೆಗಳು ಒಂದಕ್ಕೊಂದು ತಾಗುವುದು ಮೂರರಿಂದಲೇ. ಆದರೆ ಮೂರನೆಯ ಹಣತೆ ಉರಿಯುತ್ತಿಲ್ಲ, ಏಕೆಂದರೆ 8 > 9 ಸುಳ್ಳು. ನಾಲ್ಕನೆಯದೂ ಇಲ್ಲ, 16 > 16 ಆಗದು. ಇತ್ತ ಒಂದನೆಯದು ಚೆನ್ನಾಗಿ ಉರಿಯುತ್ತಿದೆ, 2 > 1. ಅದರ ಉರಿ ಮುಂದಿನದಕ್ಕೆ ತಾಗದು. ಒಂದು ಕಡೆ ಬೆಂಕಿ ಇದೆ, ದಾರಿ ಇಲ್ಲ. ಇನ್ನೊಂದು ಕಡೆ ದಾರಿ ಇದೆ, ಬೆಂಕಿ ಇಲ್ಲ. ಎರಡೂ ಮೊದಲ ಬಾರಿಗೆ ಕೂಡುವ ಜಾಗವೇ ಐದು.

ಹತ್ತನೆಯ ಘಾತದ ಕಥೆಯಲ್ಲಿ ಈ ಎರಡು ಜಾಗಗಳ ನಡುವಿನ ದೂರ ಇನ್ನೂ ಹೆಚ್ಚು. ಅಲ್ಲಿ ಹೆಜ್ಜೆ k = 14ರಿಂದಲೇ ಸರಿಬರುತ್ತದೆ: 14ರಿಂದ 15ಕ್ಕೆ ಹೋಗುವಾಗ ಹತ್ತನೆಯ ಘಾತ ಇಮ್ಮಡಿಗಿಂತ ತುಸು ಕಡಿಮೆ ಬೆಳೆಯುತ್ತದೆ, ಆಮೇಲೆ ಇನ್ನೂ ನಿಧಾನ. ಅಲ್ಲಿಂದಾಚೆಗೆ ಎರಡರ ಘಾತ ಪ್ರತಿ ಹೆಜ್ಜೆಗೂ ಅಂತರವನ್ನು ತಗ್ಗಿಸುತ್ತಲೇ ಬರುತ್ತದೆ, ಆದರೆ ಆಗಲೇ ಬಿದ್ದ ಹಿನ್ನಡೆ ತೀರಿಸಲು 59ರವರೆಗೆ ಕಾಯಬೇಕು. ಹೆಜ್ಜೆ ಸರಿಯಿದೆ ಎಂಬುದಷ್ಟನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಪರಮಾವಧಿಯ ಉದಾಹರಣೆ n > n + 1 ಎಂಬ ಮಾತು. k > k + 1 ಎಂದು ಒಪ್ಪಿದರೆ ಎರಡೂ ಕಡೆ ಒಂದು ಕೂಡಿಸಿ k + 1 > k + 2 ಎನ್ನಬಹುದು. ಹೆಜ್ಜೆಯಲ್ಲಿ ಒಂದು ಕೂದಲೆಳೆಯ ದೋಷವಿಲ್ಲ. ಮಾತು ಮಾತ್ರ ಯಾವ ಸಂಖ್ಯೆಗೂ ನಿಜವಲ್ಲ.

ಹೆಜ್ಜೆಯೇ ಕೂಡಿಬಾರದ ಅಸಮತೆಗಳೂ ಇವೆ, ಅವು ಇನ್ನೂ ಕುತೂಹಲದವು. ವರ್ಗಗಳ ವಿಲೋಮಗಳನ್ನು ಕೂಡಿಸುತ್ತ ಹೋಗಿ: 1 + 1/4 + 1/9 + … + 1/n². ಎಷ್ಟು ಪದ ಕೂಡಿಸಿದರೂ ಮೊತ್ತ 2ನ್ನು ಮುಟ್ಟುವುದಿಲ್ಲ ಎಂದು ಸಾಧಿಸಬೇಕು. ಇಂಡಕ್ಷನ್ ಹಚ್ಚಿದರೆ ತಕ್ಷಣ ಸಿಕ್ಕಿಹಾಕಿಕೊಳ್ಳುತ್ತೇವೆ. k ಪದಗಳ ಮೊತ್ತ 2ಕ್ಕಿಂತ ಕಡಿಮೆ ಎಂದು ಗೊತ್ತು. ಅದಕ್ಕೆ ಇನ್ನೊಂದು ಪದ ಸೇರಿಸಿದರೆ 2ನ್ನು ದಾಟಬಹುದಲ್ಲ? ಎಷ್ಟು ಕಡಿಮೆ ಎಂಬುದು ಗೊತ್ತಿಲ್ಲದ್ದರಿಂದ ಹೇಳಲು ಬಾರದು.

ಉಪಾಯ ವಿಚಿತ್ರವಾಗಿದೆ: ಕೇಳಿದ್ದಕ್ಕಿಂತ ಹೆಚ್ಚಿನದನ್ನು ಸಾಧಿಸುವುದು. ಮೊತ್ತ 2 − 1/nನ್ನು ಮೀರುವುದಿಲ್ಲ ಎನ್ನಿ. ಇದು ಹೆಚ್ಚು ಬಿಗಿಯಾದ ಮಾತು, ಆದರೂ ಸುಲಭ. ಏಕೆಂದರೆ ಊಹೆಯೂ ಅಷ್ಟೇ ಬಿಗಿಯಾಗಿ ನಮ್ಮ ಕೈಗೆ ಬರುತ್ತದೆ. n = 1 ಆದಾಗ ಎರಡೂ ಕಡೆ 1. ಮುಂದಿನ ಹೆಜ್ಜೆಗೆ ಬೇಕಾದ್ದು ಇಷ್ಟೇ: ಹೊಸದಾಗಿ ಸೇರುವ 1/(k + 1)² ಎಂಬುದು 1/k − 1/(k + 1)ಕ್ಕಿಂತ ಚಿಕ್ಕದಿರಬೇಕು. ಆ ವ್ಯತ್ಯಾಸ ಬಿಡಿಸಿದರೆ 1/(k(k + 1)). ಛೇದ ಚಿಕ್ಕದಾದ ಭಿನ್ನರಾಶಿ ದೊಡ್ಡದು, ಆದ್ದರಿಂದ ಮಾತು ನಿಜ. ಹಂಗೇರಿ ಮೂಲದ ಗಣಿತಜ್ಞ ಪೋಲ್ಯಾ 1945ರ ತನ್ನ ಹೆಸರಾಂತ ಪುಸ್ತಕದಲ್ಲಿ ಇಂಥ ಸಂಗತಿಗೆ ‘ಸಂಶೋಧಕನ ವಿರೋಧಾಭಾಸ’ ಎಂಬರ್ಥದ ಹೆಸರಿಟ್ಟಿದ್ದಾನೆ.

ಆ 1/n ಎಲ್ಲಿಂದ ಬಂತು ಎಂದು ಇಂಡಕ್ಷನ್ ಹೇಳುವುದಿಲ್ಲ. ಅದನ್ನು ಊಹಿಸಿ ತರುವುದು ನಮ್ಮ ಪಾಡು. ತಂದಮೇಲೆ ಪರೀಕ್ಷಿಸುವುದಷ್ಟೇ ಅದರ ಕೆಲಸ. 2 ಎಂಬ ಮಿತಿಯೂ ಸಡಿಲವೇ. ಕೊನೆಯಿಲ್ಲದೆ ಕೂಡಿಸಿದರೆ ಮೊತ್ತ π²/6, ಸುಮಾರು 1.6449, ಎಂದು ಆಯ್ಲರ್ 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯ ಮುಂದಿಟ್ಟ. ನಮ್ಮ ಬಡ ಹೆಜ್ಜೆಯಿಂದ ಅದರ ಹತ್ತಿರ ಹೋಗಬಹುದೇ? ಹೋಗಬಹುದು, ಅದೂ ಹೆಜ್ಜೆಯನ್ನು ಮುಟ್ಟದೆ, ಆರಂಭದ ಜಾಗವನ್ನು ಸರಿಸಿ. ಒಂದರ ಬದಲು ಎರಡರಿಂದ ಹೊರಟರೆ ಮೊತ್ತ ಆಗಲೇ 1.25, ಅದಕ್ಕೆ 1/2 ಸೇರಿಸಿದರೆ ಮಿತಿ 1.75ಕ್ಕೆ ಇಳಿಯುತ್ತದೆ. ಮೂರರಿಂದ ಹೊರಟರೆ ಸುಮಾರು 1.6944. ಮೊದಲ ಹತ್ತು ಪದಗಳನ್ನು ಕೈಯಲ್ಲೇ ಕೂಡಿಸಿ ಅಲ್ಲಿಂದ ಹೊರಟರೆ ಸುಮಾರು 1.6498.