ಎಂಬತ್ತು ಪದಗಳಲ್ಲಿ ಒಂದು ಕ್ರಿಯಾ ಸಂಶೋಧನೆ: ಸಾರಾಂಶ ಕತ್ತರಿಸುವಾಗ ಉಳಿಸಬೇಕಾದದ್ದು

ಬೋಧನಾಭ್ಯಾಸದ ಅವಧಿಯಲ್ಲಿ ನಾವು ನಾಲ್ವರು ಸ್ನೇಹಿತರು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಹಂಚಿಹೋಗಿದ್ದೆವು. ಒಬ್ಬರಿಗೆ ಚನ್ನಗಿರಿ, ಒಬ್ಬರಿಗೆ ಹೊನ್ನಾಳಿ, ಒಬ್ಬರಿಗೆ ನ್ಯಾಮತಿ, ನನಗೆ ಜಗಳೂರು. ಪಾಠಯೋಜನೆಗಳ ಜೊತೆಗೆ ಪ್ರತಿಯೊಬ್ಬರೂ ಒಂದು ಕ್ರಿಯಾ ಸಂಶೋಧನೆ ಮಾಡಿ, ಅದರ ಸಾರಾಂಶವನ್ನು ವಿಚಾರಗೋಷ್ಠಿಯ ಕಿರುಹೊತ್ತಿಗೆಗೆ ಕೊಡಬೇಕಿತ್ತು. ಮಿತಿ 80 ಪದ. ಒಂದು ಪದ ಹೆಚ್ಚಾದರೂ ಹಿಂದಕ್ಕೆ ಬರುತ್ತದೆ ಎಂದು ಮೊದಲೇ ಹೇಳಿದ್ದರು. ನನ್ನ ಮೊದಲ ಕರಡು 236 ಪದಗಳಿತ್ತು. ಅದನ್ನು 80ಕ್ಕೆ ಇಳಿಸಿದ ಬಗೆಯನ್ನು, ಇಳಿಸುವಾಗ ಮಾಡಿದ ತಪ್ಪುಗಳ ಸಮೇತ ಇಲ್ಲಿ ಬರೆದಿದ್ದೇನೆ.

ಮೊದಲು ಸಂಶೋಧನೆಯ ವಿಷಯ. ಒಂಬತ್ತನೇ ತರಗತಿಯ ಚಲನೆ ಪಾಠದಲ್ಲಿ ದೂರ-ಕಾಲ ನಕ್ಷೆ ಬರುತ್ತದೆ. ಗೆರೆ ಮೇಲೇರಿ ಆಮೇಲೆ ಸಮತಟ್ಟಾದ ನಕ್ಷೆಯೊಂದನ್ನು ತೋರಿಸಿ ಏನಾಗಿದೆ ಎಂದು ಕೇಳಿದರೆ, ನನ್ನ ತರಗತಿಯ ಹಲವರು "ಗುಡ್ಡ ಹತ್ತಿ ಬಯಲಿಗೆ ಬಂದ" ಎಂದರು. ಸಮತಟ್ಟಾದ ಭಾಗದಲ್ಲಿ ಆತ ನಿಂತಿದ್ದಾನೆ ಎಂಬುದು ಅವರಿಗೆ ಕಾಣಲಿಲ್ಲ. ನಕ್ಷೆಯನ್ನು ಅವರು ದಾರಿಯ ಚಿತ್ರವೆಂದು ಓದುತ್ತಿದ್ದರು. ಭೌತವಿಜ್ಞಾನ ಬೋಧನೆಯಲ್ಲಿ ಇದು ಬಹಳ ಕಡೆ ಕಂಡಿರುವ ತಪ್ಪು. ಆದ್ದರಿಂದ ಶಾಲೆಯ ಅಂಗಳದಲ್ಲಿ ಸುಣ್ಣದಿಂದ 20 ಮೀಟರ್ ಗೆರೆ ಎಳೆದು, ಮಕ್ಕಳನ್ನೇ ನಡೆಸಿ, ನಿಲ್ಲಿಸಿ, ಎರಡೆರಡು ಸೆಕೆಂಡಿಗೆ ಅವರಿದ್ದ ಜಾಗ ಗುರುತಿಸಿ, ಅದೇ ಅಂಕಿಗಳಿಂದ ನಕ್ಷೆ ಬರೆಸಿದೆ. ಮೊದಲೂ ಆಮೇಲೂ 10 ಅಂಕಗಳ ಒಂದೇ ಪರೀಕ್ಷೆ ಕೊಟ್ಟೆ.

ಪದಗಳು ಎಲ್ಲಿ ಖರ್ಚಾಗಿದ್ದವು?

ಕತ್ತರಿಸುವ ಮೊದಲು ಎಣಿಸಬೇಕು ಎಂದು ನಮ್ಮ ಮಾರ್ಗದರ್ಶಕ ಮೇಡಂ ಹೇಳಿದರು. ಒಟ್ಟು ಎಷ್ಟು ಪದ ಎಂದಲ್ಲ, ಯಾವ ಕೆಲಸಕ್ಕೆ ಎಷ್ಟು ಪದ ಎಂದು. ನಾಲ್ಕು ಬಣ್ಣದ ಪೆನ್ನು ಹಿಡಿದು ಗೆರೆ ಹಾಕುತ್ತಾ ಹೋದೆ. ಹಿನ್ನೆಲೆಗೆ 92 ಪದ: ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005, ವಿಜ್ಞಾನದ ಮಹತ್ವ, ಜಗಳೂರಿನ ಮಳೆಯ ಕೊರತೆ. ಅಧ್ಯಯನದ ಅಗತ್ಯಕ್ಕೆ 61. ಸಲಹೆಗಳಿಗೆ 67. ವಿಧಾನಕ್ಕೂ ಫಲಿತಾಂಶಕ್ಕೂ ಸೇರಿ ಉಳಿದದ್ದು 16 ಪದ! ಆ ಹದಿನಾರು ಇವು:

"ಚಟುವಟಿಕೆ ಆಧಾರಿತ ಬೋಧನಾ ವಿಧಾನವನ್ನು ಅಳವಡಿಸಿಕೊಂಡು ಪೂರ್ವ ಪರೀಕ್ಷೆ ಮತ್ತು ಉತ್ತರ ಪರೀಕ್ಷೆ ನಡೆಸಲಾಯಿತು. ಮಕ್ಕಳ ಕಲಿಕೆಯಲ್ಲಿ ಗಣನೀಯ ಪ್ರಗತಿ ಕಂಡುಬಂದಿತು."

ಚನ್ನಗಿರಿಯ ಶಾಲೆಯಲ್ಲಿದ್ದ ಗೆಳತಿ ಕನ್ನಡ ಬೋಧನೆಯವಳು. ಕರಡನ್ನು ಓದಿ, "ಇದ್ರಾಗೆ ಮಕ್ಕಳು ಎಷ್ಟು ಜನ, ನೀನು ಏನು ಮಾಡಿದೆ ಅಂತ ಎಲ್ಲೈತಿ?" ಎಂದಳು. ಎಲ್ಲೂ ಇರಲಿಲ್ಲ. ಆ ಎರಡು ವಾಕ್ಯಗಳನ್ನು ಹೊನ್ನಾಳಿಯ ಸ್ನೇಹಿತನ ಭಿನ್ನರಾಶಿಯ ಅಧ್ಯಯನಕ್ಕೆ ಅಂಟಿಸಿದರೂ ಒಪ್ಪುತ್ತಿದ್ದವು. ಅಲ್ಲಿಂದ ನನಗೆ ಒಂದು ಪರೀಕ್ಷೆ ಸಿಕ್ಕಿತು: ಬೇರೆಯವರ ಸಂಶೋಧನೆಗೂ ಹೊಂದುವ ವಾಕ್ಯ ನನ್ನ ಸಾರಾಂಶದಲ್ಲಿ ಜಾಗ ತಿನ್ನುತ್ತಿದೆ. ಆ ಪರೀಕ್ಷೆ ಹಿಡಿದು ಓದಿದಾಗ ಹಿನ್ನೆಲೆ, ಅಗತ್ಯ, ಸಲಹೆ ಹೆಚ್ಚುಕಡಿಮೆ ಪೂರ್ತಿ ಹೋದವು. ಹಿನ್ನೆಲೆಯಿಂದ ಉಳಿದದ್ದು ಮಕ್ಕಳ ಆ ಒಂದು ತಪ್ಪು, ಮತ್ತು ತಾಲ್ಲೂಕಿನ ಹೆಸರು.

ಸಾರಾಂಶವನ್ನು ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂದು ಭಾಗ ಮಾಡಿ ಬರೆಯುವ ಪದ್ಧತಿಯನ್ನು ವೈದ್ಯಕೀಯ ಪತ್ರಿಕೆಗಳು 1987ರಿಂದೀಚೆಗೆ ಹೆಚ್ಚು ಹೆಚ್ಚಾಗಿ ಅನುಸರಿಸಿದವು. ನಮ್ಮ ಕಿರುಹೊತ್ತಿಗೆಗೆ ಉಪಶೀರ್ಷಿಕೆಗಳು ಬೇಕಿರಲಿಲ್ಲ. ಆದರೂ ಕರಡಿನಲ್ಲಿ ಅವನ್ನು ಬರೆದುಕೊಂಡು, ಪದಗಳನ್ನು ಮೊದಲೇ ಹಂಚಿಕೊಂಡೆ. ಉದ್ದೇಶಕ್ಕೆ ಸುಮಾರು 15, ವಿಧಾನಕ್ಕೆ 30, ಫಲಿತಾಂಶಕ್ಕೆ 25, ಮಿತಿ ಹೇಳಲು 10. ಕೊನೆಗೆ ಉಪಶೀರ್ಷಿಕೆಗಳನ್ನು ತೆಗೆದುಹಾಕಿದೆ.

ಕನ್ನಡದಲ್ಲಿ ಪದ ಉಳಿಸುವುದು

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. "ತರಗತಿಯಲ್ಲಿ" ಎಂಬುದು ಒಂದೇ ಪದ. ಕಂಪ್ಯೂಟರ್ ಖಾಲಿ ಜಾಗ ನೋಡಿ ಎಣಿಸುವುದರಿಂದ ಇದು ನಮಗೆ ಲಾಭ. ಆದರೆ ಸಂಶೋಧನಾ ವರದಿಗಳಲ್ಲಿ ನಾವು ರೂಢಿಸಿಕೊಂಡಿರುವ ಕ್ರಿಯಾಪದಗಳ ಸಾಲು ಆ ಲಾಭವನ್ನು ನುಂಗಿಬಿಡುತ್ತದೆ. ನನ್ನ ಎರಡನೇ ಕರಡಿನ ಒಂದು ವಾಕ್ಯ: "ಮಕ್ಕಳಿಗೆ ಪೂರ್ವ ಪರೀಕ್ಷೆಯನ್ನು ನೀಡುವ ಮೂಲಕ ಅವರ ಪೂರ್ವಜ್ಞಾನವನ್ನು ಅಳೆಯುವ ಪ್ರಯತ್ನವನ್ನು ಮಾಡಲಾಯಿತು." ಹತ್ತು ಪದ. "ಮೊದಲು 10 ಅಂಕಗಳ ಪರೀಕ್ಷೆ ನೀಡಲಾಯಿತು" ಎಂದರೆ ಐದು. ಅರ್ಧ ಉಳಿಯಿತು, ಜೊತೆಗೆ ಪರೀಕ್ಷೆ ಎಷ್ಟು ಅಂಕದ್ದು ಎಂಬ ಹೊಸ ವಿವರವೂ ಬಂತು. "ಮೂಲಕ", "ಪ್ರಯತ್ನ", "ಎಂಬುದು ಕಂಡುಬಂದಿದೆ", "ಕೈಗೊಳ್ಳಲಾಯಿತು" ಇವನ್ನು ಹುಡುಕಿ ತೆಗೆದರೆ ವಿಧಾನದ ಒಂದು ಅಂಶವನ್ನೂ ಕಳೆಯದೆ ಪದಗಳು ಉಳಿಯುತ್ತವೆ.

ಇನ್ನೊಂದು ದಾರಿ ಪದಗಳನ್ನು ಅಂಟಿಸುವುದು. ಹೊನ್ನಾಳಿಯ ಸ್ನೇಹಿತ "ಭಿನ್ನರಾಶಿಕಲಿಕಾದೋಷನಿವಾರಣೆಗಾಗಿ" ಎಂದು ಒಂದೇ ಪದ ಮಾಡಿ ಗೆದ್ದೆ ಎಂದುಕೊಂಡಿದ್ದ. ಎಣಿಕೆಯಲ್ಲಿ ಗೆದ್ದಿದ್ದ, ನಿಜ. ಜೋರಾಗಿ ಓದಲು ಹೋದಾಗ ಅವನೇ ನಡುವೆ ಎರಡು ಸಲ ನಿಂತ. ಮಾತಿನಲ್ಲಿ ಸಹಜವಾಗಿ ಕೂಡುವುದನ್ನು ಬರಹದಲ್ಲೂ ಕೂಡಿಸಬಹುದು. "ಚಿತ್ರವೆಂದು", "ಚಟುವಟಿಕೆಯೊಂದೇ" ಇವು ಹಾಗೆ ಬಂದವು. ಮಿತಿಗಾಗಿ ಮಾತ್ರ ಕೂಡಿಸಿದ ಪದ ಓದುಗರಿಗೆ ತಡೆಯಾಗುತ್ತದೆ.

ಮೂರು ಪದ ಕಡಿದು ಫಲಿತಾಂಶ ಕೆಟ್ಟದ್ದು

ಮೂರನೇ ಕರಡು 84 ಪದಗಳಿಗೆ ಬಂದಿತ್ತು. ನಾಲ್ಕು ಪದ ಹೆಚ್ಚು. "34 ಮಕ್ಕಳಲ್ಲಿ ಎರಡನ್ನೂ ಬರೆದವರು 29" ಎಂಬ ವಾಕ್ಯ ಕಣ್ಣಿಗೆ ಬಿತ್ತು. ಅದನ್ನು ಸುಲಭವಾಗಿ "34 ಮಕ್ಕಳು" ಎಂದು ಮಾಡಿ, "ಸರಾಸರಿ 4.1ರಿಂದ 6.8ಕ್ಕೆ ಏರಿತು" ಎಂದು ಬರೆದೆ. ಅಂಕಿಗಳು ಸುಳ್ಳಲ್ಲ. ಮೊದಲ ಪರೀಕ್ಷೆ ಬರೆದ 34 ಮಕ್ಕಳ ಒಟ್ಟು ಅಂಕ 139, ಸರಾಸರಿ 4.1. ಕೊನೆಯ ಪರೀಕ್ಷೆಯ ಒಟ್ಟು 197, ಸರಾಸರಿ 6.8. ಮೇಡಂ ಅದನ್ನು ನೋಡಿ, 197ನ್ನು 34ರಿಂದ ಭಾಗಿಸಿ ತೋರಿಸು ಎಂದರು. ಭಾಗಿಸಿದರೆ 5.8 ಬಂತು. 6.8 ಬರುವುದು 29ರಿಂದ ಭಾಗಿಸಿದಾಗ ಮಾತ್ರ.

ಆದದ್ದು ಇಷ್ಟು. ಕೊನೆಯ ಪರೀಕ್ಷೆಯ ದಿನ ಐವರು ಮಕ್ಕಳು ಮೆಕ್ಕೆಜೋಳದ ಕಟಾವಿಗೆ ಮನೆಯವರ ಜೊತೆ ಹೋಗಿದ್ದರು. ಮೊದಲ ಪರೀಕ್ಷೆಯಲ್ಲಿ ಆ ಐವರು ಪಡೆದದ್ದು ಒಟ್ಟು 11 ಅಂಕ, ಅಂದರೆ ಸರಾಸರಿ 2.2. ಕಡಿಮೆ ಅಂಕದವರೇ ಕೊನೆಯ ಲೆಕ್ಕದಿಂದ ಹೊರಗುಳಿದರೆ, ಯಾರೂ ಏನೂ ಕಲಿಯದಿದ್ದರೂ ಸರಾಸರಿ ತಾನಾಗಿ ಏರುತ್ತದೆ. ಆ 11 ಅಂಕ ಕಳೆದರೆ ಉಳಿದ 29 ಮಕ್ಕಳ ಮೊದಲ ಒಟ್ಟು 128, ಸರಾಸರಿ 4.4. ಅಂದರೆ ನಿಜವಾದ ಏರಿಕೆ 2.7 ಅಲ್ಲ, 2.4. ಅಂಕಗಳಲ್ಲಿ ಇದು ಸಣ್ಣ ವ್ಯತ್ಯಾಸ. ಆದರೆ ಆ ಐವರು ನನ್ನ ಸಾರಾಂಶದಿಂದಲೂ ಕಾಣೆಯಾಗಿದ್ದರು ಎಂಬುದು ನನ್ನನ್ನು ಹೆಚ್ಚು ಕಾಡಿತು. ನನ್ನ ಚಟುವಟಿಕೆ ಹೆಚ್ಚು ಬೇಕಿದ್ದದ್ದೇ ಅವರಿಗೆ.

ಹಾಗಾಗಿ ಮಕ್ಕಳ ಸಂಖ್ಯೆ, ಎಷ್ಟು ಜನ ಕೊನೆವರೆಗೆ ಉಳಿದರು, ಪರೀಕ್ಷೆಯ ಒಟ್ಟು ಅಂಕ, ಮೊದಲಿನ ಮತ್ತು ನಂತರದ ಸರಾಸರಿ: ಇವಕ್ಕೆ ಕತ್ತರಿ ತಾಗಬಾರದು ಎಂದು ಪುಟದ ಮೇಲೆಯೇ ಬರೆದಿಟ್ಟುಕೊಂಡೆ. ಹೆಚ್ಚಿದ್ದ ನಾಲ್ಕು ಪದಗಳನ್ನು ಬೇರೆಡೆಯಿಂದ, ಕೊನೆಯಲ್ಲಿದ್ದ ಒಂದು ಸಲಹೆಯಿಂದ, ತೆಗೆದೆ.

ಫಲಿತಾಂಶ ವಿಧಾನವನ್ನು ಮೀರಬಾರದು

ನ್ಯಾಮತಿಯಲ್ಲಿದ್ದ ಗೆಳತಿಯ ಸಾರಾಂಶ "ಮಕ್ಕಳಲ್ಲಿ ಆಸಕ್ತಿ ಹೆಚ್ಚಿತು" ಎಂದು ಮುಗಿಯುತ್ತಿತ್ತು. ಅವಳು ಅಳೆದದ್ದು ಅಂಕಗಳನ್ನು. ಆಸಕ್ತಿಗೆ ಪ್ರಶ್ನಾವಳಿಯಾಗಲಿ, ಅವಲೋಕನ ಪಟ್ಟಿಯಾಗಲಿ ಇರಲಿಲ್ಲ. ಅದನ್ನು ನಾವು ಹಿಡಿದದ್ದು ಒಂದು ಸರಳ ಉಪಾಯದಿಂದ: ಫಲಿತಾಂಶದ ಪ್ರತಿ ಮಾತಿನಿಂದ ವಿಧಾನದ ಒಂದು ಮಾತಿಗೆ ಬಾಣ ಎಳೆಯುವುದು. ಬಾಣ ಹೋಗಿ ಮುಟ್ಟಲು ಜಾಗ ಸಿಗದಿದ್ದರೆ, ವಿಧಾನವನ್ನು ಕಡಿದಿದ್ದೇವೆ ಅಥವಾ ಫಲಿತಾಂಶವನ್ನು ಹಿಗ್ಗಿಸಿದ್ದೇವೆ.

ನನ್ನದರಲ್ಲಿ "ಗಣನೀಯ ಪ್ರಗತಿ" ಹಾಗೆ ಸಿಕ್ಕಿಬಿತ್ತು. ಪರೀಕ್ಷೆಯ 6 ಅಂಕ ನಕ್ಷೆ ಓದುವುದಕ್ಕೆ, 4 ಅಂಕ ಗೆರೆಯ ಓರೆಯಿಂದ ಜವ ಲೆಕ್ಕ ಹಾಕುವುದಕ್ಕೆ ಇತ್ತು. ಬಿಡಿಸಿ ನೋಡಿದಾಗ ಓದುವುದರಲ್ಲಿ 2 ಅಂಕ ಏರಿತ್ತು, ಜವದಲ್ಲಿ 0.4 ಮಾತ್ರ. ಒಟ್ಟು ಸರಾಸರಿಯನ್ನಷ್ಟೇ ಉಳಿಸಿದ್ದರೆ, ಮುಂದೆ ಇದೇ ಪಾಠ ಮಾಡುವವರಿಗೆ ಅಂಗಳದಲ್ಲಿ ನಡೆಸಿದರೆ ಜವವೂ ಬಂದುಬಿಡುತ್ತದೆ ಎನಿಸುತ್ತಿತ್ತು. ಆ 12 ಪದಗಳ ಬೆಲೆ ಅದು.

ಒಪ್ಪಿಸಿದ ಸಾರಾಂಶ, ಸರಿಯಾಗಿ 80 ಪದ, ಹೀಗಿದೆ:

ಒಂಬತ್ತನೇ ತರಗತಿಯ ಮಕ್ಕಳು ದೂರ-ಕಾಲ ನಕ್ಷೆಯನ್ನು ದಾರಿಯ ಚಿತ್ರವೆಂದು ಓದುವ ತಪ್ಪನ್ನು ನಡೆದು ನಕ್ಷೆ ಬರೆಯುವ ಚಟುವಟಿಕೆ ತಿದ್ದುತ್ತದೆಯೇ ಎಂದು ಪರೀಕ್ಷಿಸಲಾಯಿತು. ಜಗಳೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಆರು ಅವಧಿಗಳಲ್ಲಿ ಮಕ್ಕಳು ಅಂಗಳದ 20 ಮೀಟರ್ ಗೆರೆಯ ಮೇಲೆ ನಡೆದು, ಪ್ರತಿ ಎರಡು ಸೆಕೆಂಡಿನ ಸ್ಥಾನ ಗುರುತಿಸಿ ನಕ್ಷೆ ಬರೆದರು. ಮೊದಲು ಮತ್ತು ನಂತರ ಒಂದೇ 10 ಅಂಕಗಳ ಪರೀಕ್ಷೆ ನೀಡಲಾಯಿತು. 34 ಮಕ್ಕಳಲ್ಲಿ ಎರಡನ್ನೂ ಬರೆದವರು 29. ಇವರ ಸರಾಸರಿ 4.4ರಿಂದ 6.8ಕ್ಕೆ ಏರಿತು: ನಕ್ಷೆ ಓದುವ 6 ಅಂಕಗಳಲ್ಲಿ 2.9ರಿಂದ 4.9ಕ್ಕೆ, ಜವ ಲೆಕ್ಕದ 4 ಅಂಕಗಳಲ್ಲಿ 1.5ರಿಂದ 1.9ಕ್ಕೆ. ಗೈರಾದ ಐವರ ಮೊದಲ ಸರಾಸರಿ 2.2. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ; ಹಾಗಾಗಿ ಸುಧಾರಣೆಗೆ ಚಟುವಟಿಕೆಯೊಂದೇ ಕಾರಣ ಎನ್ನಲಾಗದು.

ಇದರಲ್ಲೂ ಬಿಟ್ಟುಹೋದದ್ದಿದೆ. ಪರೀಕ್ಷೆಯ ಪ್ರಶ್ನೆಗಳನ್ನು ನಾನೇ ರಚಿಸಿದ್ದು, ಎರಡನೇ ಸಲ ಅದೇ ಪ್ರಶ್ನೆಗಳನ್ನು ಕಂಡ ಮಕ್ಕಳಿಗೆ ಅವು ನೆನಪಿದ್ದಿರಬಹುದಾದದ್ದು, ಐವರು ಗೈರಾದ ಕಾರಣ, ಇವೆಲ್ಲ ಪೂರ್ಣ ವರದಿಯಲ್ಲಿ ಮಾತ್ರ ಇವೆ. ಎಂಬತ್ತು ಪದಗಳಲ್ಲಿ ಎಲ್ಲವೂ ಹಿಡಿಯುವುದಿಲ್ಲ. ಆದರೆ ಚನ್ನಗಿರಿಯ ಗೆಳತಿ ಈ ಸಲ ಓದಿ ಕೇಳಿದ ಪ್ರಶ್ನೆ ಬೇರೆ: "ಆ ಐವರಿಗೆ ಆಮೇಲೆ ಪಾಠ ಮಾಡಿದೆಯಾ?" ಸಾರಾಂಶ ಓದಿ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು. ಮೂರನೇ ಕರಡನ್ನು ಓದಿದ್ದರೆ ಐವರಿದ್ದರು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಇಬ್ಬರಿಗೆ ಮಾಡಿದೆ. ಉಳಿದ ಮೂವರು ಶಾಲೆಗೆ ಮರಳುವ ಹೊತ್ತಿಗೆ ನನ್ನ ಬೋಧನಾಭ್ಯಾಸ ಮುಗಿದಿತ್ತು.