ಓರೆಯಿಂದ ತೆಗೆದ ಫೋಟೊದಲ್ಲಿ ಗಾಡಿಯ ನಂಬರು

ನಮ್ಮ ಗಾಡಿಗಳ ನೋಂದಣಿ ಸಂಖ್ಯೆಯ ಕಟ್ಟು ಸರಳ. ಮೊದಲು ರಾಜ್ಯದ ಎರಡು ಅಕ್ಷರ, ಆಮೇಲೆ ಆರ್‌ಟಿಒ ಕಚೇರಿಯ ಎರಡು ಅಂಕಿ, ಆಮೇಲೆ ಸರಣಿಯ ಅಕ್ಷರಗಳು, ಕೊನೆಯಲ್ಲಿ ನಾಲ್ಕು ಅಂಕಿ. ಬಿಎಚ್ ಸರಣಿಯ ಗಾಡಿಗಳ ಜೋಡಣೆ ಬೇರೆ. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಫೋಟೊದಲ್ಲಿ ನಂಬರು ಓದುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಸೊನ್ನೆ ಮತ್ತು O ಕುರಿತು. B ಮತ್ತು 8, S ಮತ್ತು 5, Z ಮತ್ತು 2 ಅದರ ಹಿಂದೆಯೇ ಬರುತ್ತವೆ. ಇವು ಹೆದರಬೇಕಾದ ಜೋಡಿಗಳಲ್ಲ. ಸರಣಿಯಲ್ಲಿ O, I ಎರಡನ್ನೂ ಬಳಸುವುದೇ ಇಲ್ಲ. ಉಳಿದ ಜೋಡಿಗಳನ್ನು ಸ್ಥಾನವೇ ಬಿಡಿಸುತ್ತದೆ: ಅಕ್ಷರ ಇರಬೇಕಾದ ಜಾಗದಲ್ಲಿ 8 ಕಂಡರೆ ಅದು B, ಅಂಕಿ ಇರಬೇಕಾದ ಜಾಗದಲ್ಲಿ S ಕಂಡರೆ ಅದು 5. ನಿಜವಾದ ತೊಡಕು ಒಂದೇ ಜಾತಿಯೊಳಗಿನದು. 3 ಮತ್ತು 8, 6 ಮತ್ತು 8, 1 ಮತ್ತು 7 ಎಲ್ಲವೂ ಅಂಕಿಗಳೇ. H, M, N ಎಲ್ಲವೂ ಅಕ್ಷರಗಳೇ. ಇಲ್ಲಿ ಸ್ಥಾನ ಏನನ್ನೂ ಹೇಳದು. ಓರೆನೋಟ ಕೆಡಿಸುವುದು ಹೆಚ್ಚಾಗಿ ಈ ಜೋಡಿಗಳನ್ನೇ.

ಅದು ಹೇಗೆ ಕೆಡುತ್ತದೆ ಎಂಬುದನ್ನು ಅಳತೆ ಹಿಡಿದು ನೋಡೋಣ. ಕಾರಿನ ಉದ್ದನೆಯ ಪ್ಲೇಟು 500 ಮಿಲಿಮೀಟರ್ ಅಗಲ. ನಿಯಮದಂತೆ ಅದರ ಮೇಲಿನ ಅಕ್ಷರದ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ., ಎರಡು ಅಕ್ಷರಗಳ ನಡುವಿನ ಸಂದು 10 ಮಿ.ಮೀ. ನೇರ ಎದುರಿನಿಂದ ತೆಗೆದ ಫೋಟೊದಲ್ಲಿ ಇಡೀ ಪ್ಲೇಟಿಗೆ 100 ಪಿಕ್ಸೆಲ್ ಸಿಕ್ಕಿತೆನ್ನಿ. ಆಗ ಒಂದು ಪಿಕ್ಸೆಲ್‌ಗೆ 5 ಮಿ.ಮೀ., ಒಂದು ಸಂದಿಗೆ ಎರಡು ಪಿಕ್ಸೆಲ್. ಈಗ ಅಷ್ಟೇ ದೂರದಲ್ಲಿ ಪಕ್ಕಕ್ಕೆ ಸರಿದು 60 ಡಿಗ್ರಿ ಓರೆಯಿಂದ ತೆಗೆದರೆ ಅಗಲ ಅರ್ಧಕ್ಕೆ ಇಳಿಯುತ್ತದೆ, ಸಂದಿಗೆ ಉಳಿಯುವುದು ಒಂದೇ ಪಿಕ್ಸೆಲ್. ಆ ಪಿಕ್ಸೆಲ್ ಸರಿಯಾಗಿ ಸಂದಿನ ಮೇಲೆಯೇ ಬೀಳುವುದು ಅಪರೂಪ. ಅರ್ಧ ಬಿಳುಪು, ಅರ್ಧ ಪಕ್ಕದ ಕಪ್ಪುಗೆರೆ ಸೇರಿ ಅದು ಬೂದುಬಣ್ಣವಾಗುತ್ತದೆ. 3ಕ್ಕೂ 8ಕ್ಕೂ ಇರುವ ವ್ಯತ್ಯಾಸವೆಂದರೆ 3ರ ಎಡಬದಿ ತೆರೆದಿರುವುದು. ಹಿಂದಿನ ಅಂಕಿಯ ಅಂಚು ಬೂದಾಗಿ ಹರಡಿ ಆ ಬಾಯನ್ನು ಮುಚ್ಚಿದರೆ 3 ಎಂಬುದು 8 ಆಗುತ್ತದೆ. ಎತ್ತರ ಮಾತ್ರ ಮೊದಲಿನಂತೆ 13 ಪಿಕ್ಸೆಲ್ ಇರುವುದರಿಂದ ಅಂಕಿ ಚೆನ್ನಾಗಿ ಕಾಣುತ್ತಿದೆ ಎಂದೇ ಕಣ್ಣು ನಂಬುತ್ತದೆ.

ಎತ್ತರದ ಕಂಬದ ಕ್ಯಾಮೆರಾದಲ್ಲಿ ಕುಗ್ಗುವುದು ಅಗಲವಲ್ಲ, ಎತ್ತರ. ಆಗ ಅಡ್ಡಗೆರೆಗಳು ಒಂದಕ್ಕೊಂದು ಅಂಟಿಕೊಂಡು 6ರ ಮೇಲಿನ ಬಾಯಿ ಮುಚ್ಚುತ್ತದೆ, ಅದೂ 8 ಆಗುತ್ತದೆ. ಕೆಟ್ಟ ಫೋಟೊಗಳಲ್ಲಿ 8 ಇಷ್ಟು ಹೆಚ್ಚಾಗಿ ಕಾಣುವುದು ಇದಕ್ಕೇ. ಓದಿದ ನಂಬರಿನಲ್ಲಿ 8 ಬಂದಾಗಲೆಲ್ಲ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇನ್ನು ನಾನು ಮತ್ತೆ ಮತ್ತೆ ಎದುರಿಸಿರುವ ನಂಬಿಕೆಯೊಂದಿದೆ: ‘ಓರೆಯಾದರೇನು, ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದರಾಯಿತು.’ ನೆಟ್ಟಗೆ ಮಾಡುವ ವಿಧಾನ ನಿಜಕ್ಕೂ ಸೊಗಸಾದ ಗಣಿತ. ಪ್ಲೇಟಿನ ನಾಲ್ಕು ಮೂಲೆಗಳನ್ನು ಗುರುತಿಸಿ, ಆ ವಕ್ರ ಚೌಕವನ್ನು 500ಕ್ಕೆ 120ರ ಆಯತದ ಮೇಲೆ ಕೂರಿಸುತ್ತಾರೆ. ನಾಲ್ಕು ಬಿಂದು ಸಾಕು, ಉಳಿದ ಎಲ್ಲ ಬಿಂದುಗಳ ಜಾಗ ತಾನಾಗಿ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಆಕಾರ ಸರಿಹೋಗುತ್ತದೆ, ಅಂಕಿಗಳು ಒಂದೇ ಅಳತೆಗೆ ಬರುತ್ತವೆ, ಹೋಲಿಸಿ ನೋಡುವುದು ಸುಲಭವಾಗುತ್ತದೆ. ಆದರೆ ಮುಚ್ಚಿಹೋದ ಸಂದು ತೆರೆಯುವುದಿಲ್ಲ. 50 ಪಿಕ್ಸೆಲನ್ನು 100ಕ್ಕೆ ಹಿಗ್ಗಿಸುವಾಗ ಹೊಸ ಪಿಕ್ಸೆಲ್‌ಗಳು ಅಕ್ಕಪಕ್ಕದವುಗಳ ಸರಾಸರಿಯಿಂದಲೇ ಹುಟ್ಟಬೇಕು. ಬೂದು ಹಿಗ್ಗಿದರೆ ಅಗಲವಾದ ಬೂದು ಸಿಗುತ್ತದೆ. ಅದರ ಮೇಲೆ ಅಂಚು ಚೂಪು ಮಾಡಿದರಂತೂ ಆ ಬೂದು ಕಪ್ಪಾಗಿ ನಿಂತು ಚೊಕ್ಕವಾದ 8 ಎದ್ದುಬರುತ್ತದೆ. ಆದ್ದರಿಂದ ನೆಟ್ಟಗೆ ಮಾಡಿದ ಚಿತ್ರವನ್ನು ಎಂದೂ ಒಂಟಿಯಾಗಿ ನೋಡಬಾರದು, ಮೂಲ ಫೋಟೊ ಪಕ್ಕದಲ್ಲೇ ಇರಬೇಕು.

ಎಡ ಪಾದಚಾರಿ ಮಾರ್ಗದಲ್ಲಿ ನಿಂತು, ಮುಂದೆ ಹೋದ ಕಾರಿನ ಹಿಂಬದಿಯನ್ನು ಕ್ಲಿಕ್ಕಿಸಿದ್ದೀರಿ ಎಂದುಕೊಳ್ಳಿ. ನಮ್ಮಲ್ಲಿ ಗಾಡಿಗಳು ಎಡಕ್ಕೆ ಓಡುವುದರಿಂದ ಪ್ಲೇಟಿನ ಎಡತುದಿ ನಿಮಗೆ ಹತ್ತಿರ, ಬಲತುದಿ ದೂರ. 4 ಮೀಟರಿನಿಂದ 60 ಡಿಗ್ರಿ ಓರೆಯಲ್ಲಿ ತೆಗೆದರೆ ಬಲತುದಿಯ ಅಂಕಿಗಳು ಎಡತುದಿಯವಕ್ಕಿಂತ ಸುಮಾರು ಶೇ. 10ರಷ್ಟು ಚಿಕ್ಕದಾಗಿ ಮೂಡುತ್ತವೆ. KA ಎಂಬುದು ಸ್ಪಷ್ಟ. ಅದು ಮಸುಕಾಗಿದ್ದರೂ ಊಹಿಸಬಹುದಿತ್ತು. ಯಾವ ಊಹೆಗೂ ಸಿಗದ ಕೊನೆಯ ಅಂಕಿಗಳೇ ಅತಿ ಕೆಟ್ಟ ಜಾಗದಲ್ಲಿವೆ. ಕಚೇರಿಯ ಅಂಕಿ ಬಿಟ್ಟು, ಉಳಿದದ್ದು H8 3586 ಎಂದು ಕಂಡಿತು ಅನ್ನೋಣ. ಎರಡನೆಯದು ಅಕ್ಷರದ ಜಾಗ, ಹಾಗಾಗಿ B. ಮೊದಲನೆಯದು H ಇಲ್ಲವೇ M. ಕೊನೆಯ ನಾಲ್ಕರಲ್ಲಿ 3, 5 ಹತ್ತಿರದವು, ಬಾಯಿ ತೆರೆದೇ ಇದೆ. ಮೂರನೆಯದು 8 ಇಲ್ಲವೇ 3, ನಾಲ್ಕನೆಯದು 6 ಇಲ್ಲವೇ 8. ಎರಡು ಸಲ ಎರಡು ಸಲ ಎರಡು, ಒಟ್ಟು ಎಂಟು ನಂಬರು. ಪ್ರಾಮಾಣಿಕವಾದ ಉತ್ತರ ಈ ಎಂಟರ ಪಟ್ಟಿಯೇ. ನೋಂದಣಿಯ ದಾಖಲೆ ನೋಡಬಲ್ಲವರು ಪ್ರತಿಯೊಂದನ್ನೂ ಫೋಟೊದ ಗಾಡಿಯ ಜೊತೆ ತಾಳೆ ನೋಡಬೇಕು: ಒಂದು ಸ್ಕೂಟರ್ ಇದ್ದರೆ ಅದು ಹೋಯಿತು, ಇನ್ನೊಂದು ಬೇರೆ ಕಂಪನಿಯ ಕಾರಾದರೆ ಅದೂ ಹೋಯಿತು. ಒಂದೇ ಉಳಿದರೆ ಗೆದ್ದಂತೆ. ಎರಡು ಉಳಿದರೆ ಎರಡು ಎಂದೇ ಬರೆಯಬೇಕು. ಬಿಡಿಸದೆ ಬಿಟ್ಟ ಒಂದು ಅನುಮಾನ ಯಾರದೋ ಮನೆಗೆ ದಂಡದ ನೋಟಿಸಾಗಿ ಹೋಗಬಲ್ಲದು.

ಲಾರಿಗಳಲ್ಲಿ ಪ್ಲೇಟಿನ ಜೊತೆಗೆ ನಂಬರನ್ನು ಬಾಡಿಯ ಎರಡೂ ಪಕ್ಕಗಳಲ್ಲಿ ಪೇಂಟಿನಲ್ಲಿ ಬರೆಸಿರುತ್ತಾರೆ. ಇದು ನನಗೆ ಬಲು ಇಷ್ಟವಾದ ಸಂಗತಿ. ಹಿಂಬದಿಯ ಪ್ಲೇಟು 60 ಡಿಗ್ರಿ ಓರೆಯಾದಾಗ, ಅದಕ್ಕೆ ಲಂಬವಾಗಿರುವ ಪಕ್ಕದ ಹಲಗೆ ಬರೀ 30 ಡಿಗ್ರಿ ಓರೆಯಾಗಿರುತ್ತದೆ, ಅಲ್ಲಿನ ಅಗಲದಲ್ಲಿ ಶೇ. 87ರಷ್ಟು ಉಳಿದಿರುತ್ತದೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸಿಗುತ್ತದೆ. ಆದರೆ ಪೇಂಟಿನ ಬರಹಕ್ಕೆ ಅದರದೇ ಬಲೆಗಳಿವೆ. ಅಂಕಿಗೆ ಒಂದು ಬದಿಯಲ್ಲಿ ನೆರಳು ಬಿಡಿಸಿದ್ದರೆ ಆ ನೆರಳೇ 3ರ ಬಾಯಿ ಮುಚ್ಚಬಹುದು. ಬಾಡಿಯ ತಗಡಿನ ಉಬ್ಬು ಪಟ್ಟಿಗಳು ಓರೆಯಿಂದ ನೋಡಿದಾಗ ತಮ್ಮ ಹಿಂದಿನ ಗೆರೆಯನ್ನು ಮರೆಮಾಡುತ್ತವೆ. ಕನ್ನಡದ ಅಂಕಿಯಲ್ಲಿ ಬರೆಸಿದ್ದರೆ ೬ ಮತ್ತು ೯ರ ನಡುವೆ ಒಂದು ಸಣ್ಣ ಸುರುಳಿಯಷ್ಟೇ ವ್ಯತ್ಯಾಸ, ಅದು ಮೊದಲು ಅಳಿಸಿಹೋಗುತ್ತದೆ. ಇಲ್ಲಿ ಒಂದು ಉಪಾಯವಿದೆ: ಅದೇ ಕೈ ಬರೆದ ಇನ್ನೊಂದು 3 ಅಥವಾ 8 ಅದೇ ಲಾರಿಯ ಮೇಲೆ ಎಲ್ಲಾದರೂ ಇದೆಯೇ ನೋಡಿ, ಫೋನ್ ನಂಬರಿನಲ್ಲಿ, ಭಾರದ ವಿವರದಲ್ಲಿ. ಅದರೊಡನೆ ಹೋಲಿಸಿದರೆ ಸಂಶಯ ಎಷ್ಟೋ ಸಲ ಕರಗುತ್ತದೆ.

ಸಿಂಗಾಪುರದವರು ಈ ತೊಡಕನ್ನು ಬುಡದಲ್ಲೇ ಹಿಡಿದಿದ್ದಾರೆ. ಅಲ್ಲಿಯ ನಂಬರಿನ ಕೊನೆಯ ಅಕ್ಷರ ಲೆಕ್ಕದಿಂದ ಬಂದದ್ದು. ನಾಲ್ಕು ಅಂಕಿಗಳನ್ನು ಕ್ರಮವಾಗಿ 5, 4, 3, 2ರಿಂದ ಗುಣಿಸಿ, ಮುಂದಿನ ಅಕ್ಷರಗಳ ಪಾಲನ್ನೂ ಕೂಡಿಸಿ, 19ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಅಕ್ಷರವನ್ನು ಗೊತ್ತುಮಾಡುತ್ತದೆ. ಮೂರನೆಯ ಅಂಕಿ 3ನ್ನು 8 ಎಂದು ಓದಿದರೆ ಮೊತ್ತ 15 ಹೆಚ್ಚುತ್ತದೆ, ಶೇಷ ಬೇರೆಯಾಗುತ್ತದೆ, ಕೊನೆಯ ಅಕ್ಷರ ತಾಳೆಯಾಗುವುದಿಲ್ಲ. 19 ಅವಿಭಾಜ್ಯ ಸಂಖ್ಯೆಯಾದ್ದರಿಂದ ಒಂದೇ ಒಂದು ಅಂಕಿ ತಪ್ಪಿದರೂ ಅದು ಸಿಕ್ಕಿಬೀಳಲೇಬೇಕು. ನಮ್ಮ ನಂಬರಿನಲ್ಲಿ ಇಂಥ ತಾಳೆಯ ಅಕ್ಷರವಿಲ್ಲ. ಆಧಾರ್ ಸಂಖ್ಯೆಯ ಕೊನೆಯ ಅಂಕಿ ಮಾತ್ರ ಇದೇ ಕೆಲಸಕ್ಕೆ ಇದೆ.

ಈ ವಿಷಯವನ್ನು ಮುಂದಕ್ಕೆ ಒಯ್ಯಬಯಸುವವರಿಗೆ ದುಬಾರಿ ಸಲಕರಣೆ ಬೇಡ. ನಿಲ್ಲಿಸಿದ ನಿಮ್ಮದೇ ಗಾಡಿಯನ್ನು ಒಂದೇ ದೂರದಿಂದ 0, 30, 45, 60, 70 ಡಿಗ್ರಿಗಳಲ್ಲಿ, ಎಡದಿಂದಲೂ ಬಲದಿಂದಲೂ ತೆಗೆಯಿರಿ. 0 ಡಿಗ್ರಿಯ ಚಿತ್ರದಲ್ಲಿ ಪ್ಲೇಟಿನ ಅಗಲ 100 ಪಿಕ್ಸೆಲ್ ಆಗುವಷ್ಟು ಎಲ್ಲ ಚಿತ್ರಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ನಂಬರು ಗೊತ್ತಿಲ್ಲದವರ ಕೈಲಿ ಓದಿಸಿ. ಯಾವ ಅಂಕಿಯನ್ನು ಯಾವುದೆಂದು ಓದಿದರು ಎಂದು ಅಡ್ಡಸಾಲು ಉದ್ದಸಾಲಿನ ಕೋಷ್ಟಕದಲ್ಲಿ ಗುರುತು ಹಾಕುತ್ತ ಹೋಗಿ. ಪೇಂಟಿನಲ್ಲಿ ಬರೆದ ಕನ್ನಡದ ಅಂಕಿಗಳಿಗೂ ಪ್ರತ್ಯೇಕವಾಗಿ ಇಂಥದೇ ಕೋಷ್ಟಕ ಬೇಕು.