ಸಾರ್ಟೆಕ್ಸ್ ಬೆನ್ನೇರಿ ಬಂದ ಎರಡು ಲಾರಿ

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ, ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವನ್ನು ಅಕ್ಕಿ ಮಾಡುವ ಗಿರಣಿಗಳು ಸಾಲುಸಾಲಾಗಿವೆ. ಅಂಥದ್ದೊಂದು ಗಿರಣಿಯನ್ನು ಕಲ್ಪಿಸಿಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಹಾಕಿದ್ದೇನೆ. ಮ್ಯಾನೇಜರು ಮಾಲೀಕರ ಮುಂದೆ ಒಂದು ಪ್ರಸ್ತಾವ ಇಡುತ್ತಾರೆ: 90 ಲಕ್ಷ ಹಾಕಿದರೆ ನಾಲ್ಕು ವರ್ಷ, ವರ್ಷಕ್ಕೆ 31 ಲಕ್ಷ ಕೈಗೆ ಬರುತ್ತದೆ. ಮೂರು ವರ್ಷದೊಳಗೆ ಹಾಕಿದ ಹಣ ವಾಪಸ್. ಬ್ಯಾಂಕ್ ಬಡ್ಡಿಯೂ ಸೇರಿ ಈ ಗಿರಣಿಗೆ ಹಣದ ಬೆಲೆ ವರ್ಷಕ್ಕೆ ನೂರಕ್ಕೆ ಹತ್ತು. ಪ್ರಸ್ತಾವದ ಗಳಿಕೆಯಾದರೋ ನೂರಕ್ಕೆ ಹದಿನಾಲ್ಕರ ಮೇಲೆ. ಸಹಿ ಹಾಕಲು ಇನ್ನೇನು ಬೇಕು?

ಗುಮಾಸ್ತರು ಮಾತ್ರ ಕಾಗದ ತಿರುವಿ ನೋಡಿ ಒಂದು ಪ್ರಶ್ನೆ ಕೇಳುತ್ತಾರೆ: “ಸಾವ್ಕಾರ್ರೆ, ಇದರಾಗ ಸಾರ್ಟೆಕ್ಸ್ ಮಷಿನ್ನೂ ಐತಿ, ಎರಡು ಲಾರಿನೂ ಅದಾವ. ಲಾರಿ ಇಲ್ಲದ ಮಷಿನ್ ನಡಿಯಂಗಿಲ್ಲೇನು?”

ನಡೆಯುತ್ತದೆ. ಕಪ್ಪು ಕಾಳು, ಕಲ್ಲುಗಳನ್ನು ಕ್ಯಾಮೆರಾದಲ್ಲಿ ಗುರುತಿಸಿ ಗಾಳಿಯಿಂದ ಆಚೆ ಹಾರಿಸುವ ಸಾರ್ಟೆಕ್ಸ್‌ಗೂ, ಅಕ್ಕಿ ಸಾಗಿಸುವ ಲಾರಿಗೂ ಸಂಬಂಧವಿಲ್ಲ. ಇಷ್ಟು ದಿನ ಬಾಡಿಗೆ ಲಾರಿಯಲ್ಲೇ ಮಾಲು ಹೋಗುತ್ತಿತ್ತು, ಮುಂದೆಯೂ ಹೋಗುತ್ತದೆ. ಹಾಗಾದರೆ ಎರಡನ್ನೂ ಬಿಡಿಸಿ ನೋಡಬೇಕು. ಮಷಿನ್‌ಗೆ 40 ಲಕ್ಷ, ಅದರಿಂದ ವರ್ಷಕ್ಕೆ 16 ಲಕ್ಷ. ಲಾರಿಗಳಿಗೆ 50 ಲಕ್ಷ, ಅವುಗಳಿಂದ ವರ್ಷಕ್ಕೆ 15 ಲಕ್ಷ. ಎರಡಕ್ಕೂ ನಾಲ್ಕೇ ವರ್ಷದ ಲೆಕ್ಕ.

ಇಲ್ಲಿ ಉಪಯೋಗಕ್ಕೆ ಬರುವುದು ನಿವ್ವಳ ಪ್ರಸ್ತುತ ಮೌಲ್ಯ, ಎಲ್ಲರೂ ಎನ್‌ಪಿವಿ ಎನ್ನುವ ಲೆಕ್ಕ. ಮುಂದೆ ಬರುವ ಪ್ರತಿ ರೂಪಾಯಿಗೂ ಇವತ್ತಿನ ಬೆಲೆ ಕಟ್ಟುವುದು, ಅದರಿಂದ ಇವತ್ತು ಹಾಕುವ ಹಣವನ್ನು ಕಳೆಯುವುದು, ಇಷ್ಟೇ. ಶೇ 10ರ ದರದಲ್ಲಿ ಮುಂದಿನ ವರ್ಷದ 100 ರೂಪಾಯಿಗೆ ಇವತ್ತು 90.91 ರೂಪಾಯಿ ಬೆಲೆ. ಅದರಾಚೆಯ ವರ್ಷದ ನೂರಕ್ಕೆ 82.64. ಹೀಗೆ ನಾಲ್ಕು ವರ್ಷ ಲೆಕ್ಕ ಹಾಕಿದರೆ ವರ್ಷಕ್ಕೊಂದು ರೂಪಾಯಿಯಂತೆ ನಾಲ್ಕು ಸಲ ಬರುವ ಹಣಕ್ಕೆ ಇವತ್ತಿನ ಬೆಲೆ ಸುಮಾರು 3.17 ರೂಪಾಯಿ. ಮಷಿನ್ನಿನ 16 ಲಕ್ಷಗಳಿಗೆ ಇವತ್ತು 50.72 ಲಕ್ಷ ಬೆಲೆ. ಹಾಕಿದ 40 ಕಳೆದರೆ 10.72 ಲಕ್ಷ ಉಳಿಯಿತು. ಲಾರಿಯ 15 ಲಕ್ಷಗಳ ಬೆಲೆ 47.55 ಲಕ್ಷ, ಹಾಕಿದ್ದು 50. ಅಂದರೆ 2.45 ಲಕ್ಷ ನಷ್ಟ. ಎರಡನ್ನೂ ಕಟ್ಟಿ ಒಂದೇ ಗಂಟು ಮಾಡಿದರೆ ಎನ್‌ಪಿವಿ 8.27 ಲಕ್ಷ. ಹತ್ತು ಮುಕ್ಕಾಲರ ಹತ್ತಿರದ ಲಾಭದಿಂದ ಎರಡೂವರೆಯಷ್ಟು ನಷ್ಟ ಕಳೆದರೆ ಉಳಿಯುವುದೂ ಅಷ್ಟೇ, ಒಂದು ಪೈಸೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಈ ಕೂಡಿಕೆ ಕಾಕತಾಳೀಯವಲ್ಲ. ಮುಂದಿನ ವರ್ಷದ ನೂರು ರೂಪಾಯಿ ಮಷಿನ್ನಿಂದ ಬರಲಿ, ಲಾರಿಯಿಂದ ಬರಲಿ, ಇವತ್ತಿನ ಬೆಲೆ 90.91 ರೂಪಾಯಿಯೇ. ಎರಡೂ ಕಡೆಯಿಂದ ನೂರು ನೂರು ಬಂದರೆ 181.82. ಬೆಲೆ ನಿಂತಿರುವುದು ಹಣ ಎಂದು ಬರುತ್ತದೆ, ಬರುವುದು ಎಷ್ಟು ಖಚಿತ ಎಂಬುದರ ಮೇಲೆ. ಯಾವ ಪ್ರಸ್ತಾವದ ಹೆಸರಿನಲ್ಲಿ ಬರುತ್ತದೆ ಎಂಬುದರ ಮೇಲಲ್ಲ. ಎಲ್ಲವೂ ಇವತ್ತಿನ ರೂಪಾಯಿಗೆ ಬಂದು ನಿಂತ ಮೇಲೆ ಉಳಿಯುವುದು ಬರೀ ಸಂಕಲನ.

ಉಳಿದ ಅಳತೆಗಳಿಗೆ ಈ ಗುಣವಿಲ್ಲ, ಮ್ಯಾನೇಜರ ಕಾಗದದಲ್ಲಿ ಲಾರಿ ಅಡಗಿ ಕೂತದ್ದೂ ಅದರಿಂದಲೇ. ಹೂಡಿದ ಹಣ ವರ್ಷಕ್ಕೆ ಶೇಕಡಾ ಎಷ್ಟು ದುಡಿಯುತ್ತದೆ ಎನ್ನುವ ಆಂತರಿಕ ಪ್ರತಿಫಲ ದರವನ್ನು ನೋಡಿ. ಮಷಿನ್ನಿಗೆ ಅದು ಸುಮಾರು ಶೇ 22, ಲಾರಿಗೆ ಶೇ 7.7, ಗಂಟಿಗೆ ಶೇ 14.2. ಮೊದಲೆರಡನ್ನು ಕೂಡಿದರೂ, ಸರಾಸರಿ ಮಾಡಿದರೂ, ಹಾಕಿದ ಹಣದ ಪ್ರಮಾಣದಲ್ಲಿ ಹಂಚಿದರೂ 14.2 ಸಿಗುವುದಿಲ್ಲ. ಪ್ರತಿ ಪ್ರಸ್ತಾವವೂ ತನ್ನದೇ ದರದಲ್ಲಿ ತನ್ನ ಭವಿಷ್ಯವನ್ನು ಅಳೆದುಕೊಳ್ಳುವುದರಿಂದ ಒಂದರ ಉತ್ತರ ಇನ್ನೊಂದಕ್ಕೆ ಕೂಡಿಬರುವುದಿಲ್ಲ. ಹಣ ವಾಪಸಾಗುವ ಅವಧಿಯ ಕಥೆಯೂ ಹೀಗೆಯೇ. ಮೂರು ವರ್ಷದೊಳಗೆ ವಾಪಸಾಗಬೇಕು ಎಂಬ ನಿಯಮವಿದ್ದರೆ ಮಷಿನ್ ಎರಡೂವರೆ ವರ್ಷಕ್ಕೆ ಪಾಸು; ಲಾರಿ ಮೂರು ವರ್ಷ ನಾಲ್ಕು ತಿಂಗಳಿಗೆ ಫೇಲು; ಎರಡೂ ಸೇರಿದರೆ 2.9 ವರ್ಷ, ಪಾಸು. ಲಾರಿ ಬೇಕೇಬೇಕು ಎನ್ನುವ ಮ್ಯಾನೇಜರ್ ಸುಳ್ಳು ಹೇಳಬೇಕಿಲ್ಲ, ಅದನ್ನು ಒಳ್ಳೆಯ ಮಷಿನ್ನಿನ ಜೊತೆ ಒಂದೇ ಪಿನ್ನಿನಲ್ಲಿ ಚುಚ್ಚಿಕೊಟ್ಟರೆ ಸಾಕು. ಎನ್‌ಪಿವಿಯಲ್ಲೂ ಗಂಟು 8.27 ಲಕ್ಷ ಎಂದು ಪಾಸಾಗುತ್ತದೆ ನಿಜ. ಆದರೆ ಅಲ್ಲಿ ಗಂಟು ಬಿಚ್ಚಿ ನೋಡಬಹುದು, ಬಿಚ್ಚಿದಾಗ ಯಾವುದು ಎಷ್ಟು ಕೊಟ್ಟಿತು, ಎಷ್ಟು ತಿಂದಿತು ಎಂಬುದು ರೂಪಾಯಿಯಲ್ಲೇ ಕಾಣುತ್ತದೆ.

ಇದರಿಂದ ಸಂಸ್ಥೆಗೆ ಸಿಗುವ ಅನುಕೂಲ ದೊಡ್ಡದು. ಹತ್ತು ವಿಭಾಗಗಳಿರುವ ಕಂಪನಿಯಲ್ಲಿ ಮಷಿನ್ ಕೊಳ್ಳಬೇಕೇ ಎಂದು ಯೋಚಿಸುವವರು ಉಳಿದ ಒಂಬತ್ತು ವಿಭಾಗಗಳ ಯೋಜನೆಗಳನ್ನು ತಿಳಿದುಕೊಳ್ಳಬೇಕಿಲ್ಲ. ಹತ್ತೇ ಪ್ರಸ್ತಾವಗಳಿದ್ದರೂ ಅವುಗಳಿಂದ ಮಾಡಬಹುದಾದ ಜೋಡಣೆಗಳು 1,024. ಸಂಕಲನದ ಗುಣ ಇಲ್ಲದಿದ್ದರೆ ಅಷ್ಟನ್ನೂ ತೂಗಿ ನೋಡಬೇಕಾಗುತ್ತಿತ್ತು. ಅದು ಇರುವುದರಿಂದ ಹತ್ತು ಸಲ ಲೆಕ್ಕ ಹಾಕಿದರೆ ಮುಗಿಯಿತು. ಎನ್‌ಪಿವಿ ಸೊನ್ನೆಗಿಂತ ಹೆಚ್ಚಿರುವುದನ್ನೆಲ್ಲ ಒಪ್ಪಿಕೊಂಡರೆ ಒಟ್ಟು ಮೊತ್ತವೂ ತಾನಾಗಿಯೇ ಅತಿ ಹೆಚ್ಚಾಗಿರುತ್ತದೆ. ಪ್ರಸ್ತಾವಗಳ ಅಪಾಯ ಬೇರೆ ಬೇರೆಯಾಗಿದ್ದರೆ ದರವೂ ಬೇರೆ ಇರಲಿ. ಲಾರಿ ಬಾಡಿಗೆಯ ಏರಿಳಿತ ಹೆಚ್ಚೆಂದು ಅದಕ್ಕೆ ಶೇ 13ರ ದರ ಹಾಕಿದರೂ ಬರುವ ಉತ್ತರ ಇವತ್ತಿನ ರೂಪಾಯಿಯೇ ಆದ್ದರಿಂದ ಕೂಡಲು ಅಡ್ಡಿಯಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ 1930ರ ‘ದಿ ಥಿಯರಿ ಆಫ್ ಇಂಟರೆಸ್ಟ್’ ಗ್ರಂಥದಲ್ಲಿ ಇದರ ಇನ್ನೊಂದು ಮುಖವನ್ನು ಬಿಡಿಸಿಟ್ಟರು: ಸಾಲ ಕೊಡುವ, ತರುವ ಮಾರುಕಟ್ಟೆ ಸರಿಯಿದ್ದರೆ ಮಾಲೀಕರಲ್ಲಿ ಒಬ್ಬರಿಗೆ ಇವತ್ತೇ ಹಣ ಬೇಕು, ಇನ್ನೊಬ್ಬರಿಗೆ ಮಗಳ ಮದುವೆಯ ಹೊತ್ತಿಗೆ ಬೇಕು ಎಂಬುದು ಹೂಡಿಕೆಯ ನಿರ್ಧಾರವನ್ನು ಬದಲಿಸಬೇಕಿಲ್ಲ.

ಇದೇ ತರ್ಕ ಇನ್ನೊಂದು ಜನಪ್ರಿಯ ವಾದವನ್ನೂ ಕೆಡಹುತ್ತದೆ. ‘ಈ ಹೊಸ ವ್ಯವಹಾರದಲ್ಲಿ ಒಂದಿಷ್ಟು ನಷ್ಟವಾದರೂ ನಮ್ಮ ಒಟ್ಟು ಆದಾಯದ ಏರುಪೇರು ಕಡಿಮೆಯಾಗುತ್ತದೆ’ ಎಂಬ ವಾದ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯ ಷೇರುದಾರರು ಏರುಪೇರು ತಗ್ಗಿಸಲು ಬೇರೆ ಬೇರೆ ಕಂಪನಿಗಳ ಷೇರನ್ನು ತಾವೇ ಕೊಳ್ಳಬಲ್ಲರು. ಅವರ ಪರವಾಗಿ ಕಂಪನಿ ಅದನ್ನು ಮಾಡಿದರೆ ಹೊಸ ಬೆಲೆಯೇನೂ ಹುಟ್ಟುವುದಿಲ್ಲ. ಆದರೆ ನಮ್ಮ ಗಿರಣಿಯಂಥ ಮನೆತನದ ವ್ಯವಹಾರದಲ್ಲಿ ಇಡೀ ಕುಟುಂಬದ ಆಸ್ತಿ ಒಂದೇ ಕಡೆ ಇರುತ್ತದೆ. ಅಲ್ಲಿ ಈ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು ಎಂದೇ ನನ್ನ ಅನಿಸಿಕೆ.

ಬಿಡಿಬಿಡಿಯಾಗಿ ನೋಡಿ ಎಂಬ ಮಾತಿಗೆ ಒಂದು ಷರತ್ತಿದೆ: ಒಂದನ್ನು ಕೈಗೊಂಡದ್ದರಿಂದ ಇನ್ನೊಂದರ ಹಣ ಬದಲಾಗಬಾರದು. ಇದನ್ನು ಮರೆತರೆ ಎಂಥ ಪೆಟ್ಟು ಬೀಳುತ್ತದೆಂದು ಅದೇ ಗಿರಣಿಯ ವಿದ್ಯುತ್ ಬಿಲ್ಲಿನಲ್ಲಿ ನೋಡಬಹುದು. ಬಿಲ್ಲು ವರ್ಷಕ್ಕೆ 15 ಲಕ್ಷ. ಒಬ್ಬರು ಚಾವಣಿಗೆ ಸೋಲಾರ್ ಹಾಕೋಣ ಎನ್ನುತ್ತಾರೆ: ಖರ್ಚು 50 ಲಕ್ಷ, ಉಳಿತಾಯ ವರ್ಷಕ್ಕೆ 10 ಲಕ್ಷ. ಇನ್ನೊಬ್ಬರು ಭತ್ತದ ಹೊಟ್ಟಿನಿಂದ ಕರೆಂಟ್ ತೆಗೆಯೋಣ ಎನ್ನುತ್ತಾರೆ: ಖರ್ಚು 60 ಲಕ್ಷ, ಉಳಿತಾಯ ವರ್ಷಕ್ಕೆ 12 ಲಕ್ಷ. ಹೊಟ್ಟು ಪುಕ್ಕಟೆ ಎಂದು ಹಿಡಿಯಬಾರದು. ಇಟ್ಟಿಗೆ ಭಟ್ಟಿಗೆ ಮಾರಿದ್ದರೆ ಬರುತ್ತಿದ್ದ ಹಣವನ್ನು ಕಳೆದೇ ಈ 12 ಎಂದುಕೊಳ್ಳಿ. ಎರಡಕ್ಕೂ ಹತ್ತು ವರ್ಷ ಆಯುಷ್ಯ, ಶೇ 10ರ ದರ. ಸೋಲಾರಿನ ಎನ್‌ಪಿವಿ 11.45 ಲಕ್ಷ, ಹೊಟ್ಟಿನದು 13.73 ಲಕ್ಷ. ಎರಡೂ ಸೊನ್ನೆಗಿಂತ ಮೇಲಿವೆ, ಕೂಡಿದರೆ 25.18. ಎರಡನ್ನೂ ಹಾಕೋಣವೇ?

ಹಾಕಿದರೆ ಖರ್ಚು 110 ಲಕ್ಷ. ಉಳಿತಾಯ ಮಾತ್ರ 22 ಲಕ್ಷವಾಗದು, ಏಕೆಂದರೆ ಉಳಿಸಲು ಇರುವ ಬಿಲ್ಲೇ 15 ಲಕ್ಷ. ಹೆಚ್ಚಿನ ಕರೆಂಟನ್ನು ಕೊಳ್ಳುವವರಿಲ್ಲವೆಂದರೆ ಹತ್ತು ವರ್ಷದ 15 ಲಕ್ಷಗಳಿಗೆ ಇವತ್ತಿನ ಬೆಲೆ 92.17 ಲಕ್ಷ, ಎನ್‌ಪಿವಿ 17.83 ಲಕ್ಷ ನಷ್ಟ. ಇಬ್ಬರ ಲೆಕ್ಕವೂ ಸರಿಯಿತ್ತು. ಆದರೆ ಇಬ್ಬರೂ ಒಂದೇ ಬಿಲ್ಲನ್ನು ತಮ್ಮ ತಮ್ಮ ಕಾಗದದಲ್ಲಿ ಉಳಿಸಿ ತೋರಿಸಿದ್ದರು.

ಇದರಿಂದ ಸಂಕಲನದ ನಿಯಮ ಸುಳ್ಳಾಗಲಿಲ್ಲ. ಕೂಡಬೇಕಾದ್ದು ಪ್ರತಿ ಪ್ರಸ್ತಾವ ಸಂಸ್ಥೆಗೆ ಹೊಸದಾಗಿ ತರುವ ಹಣವನ್ನು. ಹೊಟ್ಟಿನ ಘಟಕ ಆಗಲೇ ಇದ್ದರೆ ಸೋಲಾರ್ ಹೊಸದಾಗಿ ಉಳಿಸುವುದು ವರ್ಷಕ್ಕೆ 3 ಲಕ್ಷ ಮಾತ್ರ, 10 ಅಲ್ಲ. ಆದ್ದರಿಂದ ಒಂದಕ್ಕೊಂದು ತಾಗುವ ಪ್ರಸ್ತಾವಗಳನ್ನು ಬೇರೆ ಇಟ್ಟು ಅವುಗಳ ಜೋಡಣೆಗಳನ್ನೇ ಪ್ರಸ್ತಾವಗಳೆಂದು ಬರೆದುಕೊಳ್ಳಬೇಕು: ಎರಡೂ ಬೇಡ, ಸೋಲಾರ್ ಮಾತ್ರ, ಹೊಟ್ಟು ಮಾತ್ರ, ಎರಡೂ. ನಾಲ್ಕರಲ್ಲಿ ಹೊಟ್ಟು ಮಾತ್ರ ಎಂಬುದು ಗೆಲ್ಲುತ್ತದೆ. ಹಾಗೆ ಗೆದ್ದದ್ದನ್ನು ಸಾರ್ಟೆಕ್ಸ್‌ನ 10.72ಕ್ಕೆ ಧೈರ್ಯವಾಗಿ ಕೂಡಬಹುದು, ಮೊತ್ತ 24.45 ಲಕ್ಷ. ತಾಗುತ್ತವೆಯೋ ಇಲ್ಲವೋ ಎಂದು ಪತ್ತೆ ಮಾಡಲು ಗುಮಾಸ್ತರ ಪ್ರಶ್ನೆಯೇ ಸಾಕು: ಅದು ಇಲ್ಲದಿದ್ದರೆ ಇದರ ಆದಾಯದಲ್ಲೋ ಖರ್ಚಿನಲ್ಲೋ ಒಂದು ರೂಪಾಯಿಯಾದರೂ ಆಚೀಚೆ ಆಗುತ್ತದೆಯೇ? ಒಂದೇ ಗಿರಾಕಿ, ಒಂದೇ ಬಾಯ್ಲರ್, ಒಂದೇ ಜಾಗವನ್ನು ಎರಡು ಕಾಗದಗಳು ಲೆಕ್ಕಕ್ಕೆ ಹಿಡಿದಿದ್ದರೆ ಅಲ್ಲಿ ನಿಂತು ನೋಡಬೇಕು.

ಪ್ರಸ್ತಾವಗಳು ಒಂದನ್ನೊಂದು ಮುಟ್ಟದೆ ಇದ್ದರೂ ಜಗಳಕ್ಕೆ ಬೀಳುವ ಸಂದರ್ಭ ಇನ್ನೊಂದಿದೆ: ಹಣಕ್ಕೇ ಮಿತಿ ಇರುವಾಗ. ಸಾರ್ಟೆಕ್ಸ್ ಮತ್ತು ಹೊಟ್ಟಿನ ಘಟಕಕ್ಕೆ ಒಂದು ಕೋಟಿ ಬೇಕು. ಬ್ಯಾಂಕಿನವರು 90 ಲಕ್ಷಕ್ಕೆ ನಿಲ್ಲಿಸಿದರು ಎನ್ನಿ. ಆಗ ಬಿಡಿ ತೀರ್ಪುಗಳು ಸಾಲವು, ಮಿತಿಯೊಳಗೆ ಹಿಡಿಯುವ ಜೋಡಣೆಗಳನ್ನೇ ತೂಗಬೇಕು. ಸಾರ್ಟೆಕ್ಸ್ ಜೊತೆ ಸೋಲಾರ್ ಸರಿಯಾಗಿ 90 ಲಕ್ಷಕ್ಕೆ ಹಿಡಿಯುತ್ತದೆ, ಎನ್‌ಪಿವಿ 22.17 ಲಕ್ಷ. ಹೊಟ್ಟೊಂದನ್ನೇ ಹಿಡಿದು ಕೂತರೆ 13.73. ಹೀಗಾಗಿ ನೇರ ಸ್ಪರ್ಧೆಯಲ್ಲಿ ಸೋತಿದ್ದ ಸೋಲಾರ್ ಇಲ್ಲಿ ಗೆದ್ದುಬಿಡುತ್ತದೆ. ಕೊರತೆ ಬಿದ್ದ 10 ಲಕ್ಷದಿಂದ ಆದ ನಷ್ಟವೂ ಲೆಕ್ಕಕ್ಕೆ ಸಿಗುತ್ತದೆ: 24.45ರಿಂದ 22.17 ಕಳೆದರೆ 2.28 ಲಕ್ಷ. ಆ ಹತ್ತು ಲಕ್ಷವನ್ನು ಯಾರಾದರೂ ಕೊಡಲು ಬಂದರೆ, ಮಾಮೂಲಿ ಶೇ 10ರ ಮೇಲೆ ಅವರು ಕೇಳುವ ಹೆಚ್ಚುವರಿಯ ಇವತ್ತಿನ ಬೆಲೆ 2.28 ಲಕ್ಷ ದಾಟದಿರುವವರೆಗೆ ಮಾಲೀಕರು ಚೌಕಾಸಿ ಮುಂದುವರಿಸಬಹುದು.